ಪುಟ್ಟ ಹಿತ್ತಲಿಗೆ ಮಾವೋ ತೆಂಗೋ: ಜಾಗ ಅಳೆದು, ಫಸಲು ಲೆಕ್ಕ ಹಾಕಿ ಸಸಿ ನೆಡುವ ಬಗೆ

ಹೊಸ ಮನೆಯ ಹಿತ್ತಲಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಜೂನ್ ಮಳೆ ಬಿದ್ದ ಮೇಲೆ ನರ್ಸರಿಯಿಂದ ಒಂದು ಮಾವು, ಒಂದು ತೆಂಗು ಬರುತ್ತವೆ. ಒಂದು ಈ ಮೂಲೆಗೆ, ಇನ್ನೊಂದು ಆ ಮೂಲೆಗೆ. ನಡುವಿನ ಜಾಗ ಬಟ್ಟೆ ಒಣಗಿಸೋಕೆ ಬೇಕಲ್ಲ! ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ನೋಡಿದರೆ ಮಾವು ಗೋಡೆಯ ನೆರಳಲ್ಲಿ ಬರೀ ಎಲೆ ಬಿಟ್ಟುಕೊಂಡು ನಿಂತಿರುತ್ತದೆ. ತೆಂಗು ಬಿಸಿಲು ಹುಡುಕುತ್ತಾ ಪಕ್ಕದ ಮನೆ ಕಡೆ ವಾಲಿರುತ್ತದೆ. ಅಲ್ಲಿ ಯಾವ ಗಿಡವೂ ಕೆಟ್ಟದ್ದಲ್ಲ. ಜಾಗವನ್ನು ಯಾರೂ ಅಳೆದಿರಲಿಲ್ಲ, ಅಷ್ಟೇ.

ಈ ಬರಹ ಮೈಸೂರು, ಮಂಡ್ಯ, ತುಮಕೂರು, ಹಾಸನ, ಬೆಂಗಳೂರಿನಂಥ ಬಯಲುಸೀಮೆ ಊರುಗಳ ಮನೆ ಹಿತ್ತಲಿಗೆ. ಒಂದೇ ಗಿಡಕ್ಕೆ ಜಾಗ ಇದೆ, ಯಾವುದನ್ನು ನೆಡಬೇಕು ಅನ್ನುವವರಿಗೆ.

ಮೊದಲು ಟೇಪ್ ಹಿಡಿಯಿರಿ

ನೆಲದ ಮೇಲಿನ ಲೆಕ್ಕ ನೋಡಿದರೆ ಮಾವು, ತೆಂಗು ಎರಡೂ ಒಂದೇ. ತೆಂಗಿನ ಬೇರು ಹೆಚ್ಚಿನವು ಬುಡದಿಂದ ಸುತ್ತಲೂ ಸುಮಾರು 6 ಅಡಿ ದೂರದ ಒಳಗೇ ಇರುತ್ತವೆ. ಪಾತಿ ಮಾಡುವುದೂ, ಗೊಬ್ಬರ ಹಾಕುವುದೂ ಅಷ್ಟರಲ್ಲೇ. ಅಂದರೆ ಅಡ್ಡಡ್ಡ 12 ಅಡಿಯ ಒಂದು ವೃತ್ತ. ಕಸಿ ಮಾವನ್ನು ಸವರಿ ಇಟ್ಟುಕೊಂಡರೆ ಅದರ ಹರವೂ 12 ಅಡಿಯೇ. ಎರಡಕ್ಕೂ ನೆಲ 113 ಚದರ ಅಡಿ.

ವ್ಯತ್ಯಾಸ ಇರುವುದು ಮೇಲೆ. ಎತ್ತರದ ತಳಿಯ ತೆಂಗಿನ ಗರಿ 16ರಿಂದ 18 ಅಡಿ ಉದ್ದ ಇರುತ್ತದೆ. ಅದು ಬಾಗುವುದರಿಂದ ಕಾಂಡದಿಂದ ಅಡ್ಡಕ್ಕೆ 12-13 ಅಡಿ ಚಾಚುತ್ತದೆ. ತೋಟಗಳಲ್ಲಿ ಮರದಿಂದ ಮರಕ್ಕೆ 25 ಅಡಿ ಬಿಡುವುದು ಇದಕ್ಕೇ. ಆ ಹರವನ್ನು ಲೆಕ್ಕ ಹಾಕಿದರೆ ಸುಮಾರು 490 ಚದರ ಅಡಿ ಆಕಾಶ ಬೇಕು. ಮಾವಿಗೆ ಬೇಕಾದದ್ದರ ನಾಲ್ಕು ಪಟ್ಟಿಗಿಂತ ಜಾಸ್ತಿ.

ಜಾಸ್ತಿ ಆದರೆ ಕಡಿದರಾಯಿತು ಅಂತೀರಾ? ಮಾವಿನಲ್ಲಿ ಆಗುತ್ತದೆ. ತೆಂಗಿನಲ್ಲಿ ಆಗಲ್ಲ. ತೆಂಗಿನ ಮರಕ್ಕೆ ಬೆಳೆಯುವ ಜಾಗ ಒಂದೇ, ನೆತ್ತಿಯ ಸುಳಿ. ಚೆನ್ನಾಗಿರುವ ಮರ ತಿಂಗಳಿಗೆ ಒಂದು ಗರಿ ಬಿಡುತ್ತದೆ. ಆ ಗರಿಯ ಕಂಕುಳಲ್ಲೇ ಒಂದು ಹೊಂಬಾಳೆ ಬರುತ್ತದೆ. ಗೊನೆ ಬಲಿಯುವಾಗ ಅದರ ಭಾರ ಹೊರುವುದೂ ಅದರ ಕೆಳಗಿನ ಗರಿಯ ಮಟ್ಟೆಯೇ. ಪಕ್ಕದವರಿಗೆ ತೊಂದರೆ ಅಂತ ಹಸಿರು ಗರಿ ಕಡಿದರೆ ಗೊನೆ ಜೋತುಬಿದ್ದು ಅದರ ಕಾಂಡ ಮುರಿಯುತ್ತದೆ, ಮರದ ಊಟವೂ ಕಡಿಮೆ ಆಗುತ್ತದೆ. ಆದ್ದರಿಂದ ತೆಂಗಿಗೆ ಅದು ಕೇಳುವಷ್ಟು ಜಾಗ ಕೊಡಬೇಕು, ಇಲ್ಲವೇ ನೆಡಬಾರದು. ಮಾವಿಗೆ ನಾವು ಕೊಟ್ಟಷ್ಟು ಜಾಗದಲ್ಲಿ ಇರಲು ಕಲಿಸಬಹುದು. ನನ್ನ ಪ್ರಕಾರ ಇಡೀ ತೀರ್ಮಾನ ನಿಂತಿರುವುದು ಇದರ ಮೇಲೆ.

ಇನ್ನೊಂದು ಸಂಗತಿ ಜನರ ಲೆಕ್ಕಕ್ಕೆ ಬರುವುದೇ ಇಲ್ಲ. ತೆಂಗು ನೆಲದ ಮಟ್ಟದಲ್ಲಿ ಅತಿ ಹೆಚ್ಚು ಜಾಗ ತಿನ್ನುವುದು ಅದು ಚಿಕ್ಕದಿದ್ದಾಗ. ಮೂರರಿಂದ ಏಳನೇ ವರ್ಷದವರೆಗೆ ಕಾಂಡ ಇನ್ನೂ ಮೇಲೆದ್ದಿರುವುದಿಲ್ಲ, ಗರಿಗಳು ಮಾತ್ರ ಎದೆಮಟ್ಟದಲ್ಲಿ ಸುತ್ತಲೂ ಹರಡಿರುತ್ತವೆ. ಆಗ ಹಿತ್ತಲಲ್ಲಿ ಓಡಾಡುವುದೇ ಕಷ್ಟ. ಕಾಂಡ ತಲೆಮೇಲೆ ಹೋದ ನಂತರ ಕೆಳಗಿನ ಜಾಗ ಮತ್ತೆ ನಿಮ್ಮದು. ಕರಿಬೇವು, ಮೆಣಸಿನಗಿಡ, ಬಾಳೆ ಎಲ್ಲ ಬರುತ್ತವೆ. ಮಾವಿನದು ತಿರುಗಾ ಮುರುಗಾ. ಮೊದಲು ಜಾಗ ಬೇಡ, ಆಮೇಲೆ ಅದರ ಕೆಳಗೆ ಏನೂ ಸರಿಯಾಗಿ ಬೆಳೆಯಲ್ಲ.

ಫಸಲಿನ ಲೆಕ್ಕ

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರ ಶಿಫಾರಸಿನ ಹಾಗೆ ನೀರು ಗೊಬ್ಬರ ಕೊಟ್ಟರೆ ಎತ್ತರದ ತಳಿಯ ಒಂದು ಮರ ವರ್ಷಕ್ಕೆ 80 ಕಾಯಿಯ ಆಸುಪಾಸು ಕೊಡುತ್ತದೆ. ನಮ್ಮ ಕಡೆಗೆ ತಿಪಟೂರು ಎತ್ತರದ ತಳಿ ಒಳ್ಳೆಯದು. ಫಸಲು ಶುರುವಾಗುವುದು ಆರರಿಂದ ಎಂಟನೇ ವರ್ಷಕ್ಕೆ. ಪೂರ್ತಿ ಫಸಲಿಗೆ ಇನ್ನೂ ಎರಡು ಮೂರು ವರ್ಷ ಕಾಯಬೇಕು. ಗಿಡ್ಡ ತಳಿ ಮೂರು ನಾಲ್ಕು ವರ್ಷಕ್ಕೇ ಹೊಂಬಾಳೆ ಬಿಡುತ್ತದೆ. ಗರಿಯೂ ಸ್ವಲ್ಪ ಚಿಕ್ಕದು. ಚಾವಕ್ಕಾಡಿನ ಕೇಸರಿ ಗಿಡ್ಡ ತಳಿ ಎಳನೀರಿಗೆ ಹೆಸರುವಾಸಿ. ಆದರೆ ಅದರ ಕೊಬ್ಬರಿ ಚೆನ್ನಾಗಿರಲ್ಲ. ಸಾರು, ಚಟ್ನಿಗೆ ಕಾಯಿ ಬೇಕು ಅನ್ನುವ ಮನೆಗೆ ಅದು ಸರಿಹೋಗಲ್ಲ. ನೀರು ಸ್ವಲ್ಪ ತಪ್ಪಿದರೂ ಅದರ ಫಸಲು ಕುಸಿಯುತ್ತದೆ.

ವರ್ಷಕ್ಕೆ 80 ಅಂದರೆ ತಿಂಗಳಿಗೆ ಆರೇಳು ಕಾಯಿ. ನಾಲ್ಕು ಜನರ ಮನೆಯ ಅಡುಗೆಗೆ ಮುಕ್ಕಾಲು ಪಾಲು ಸಾಕು. ಮುಖ್ಯವಾದ ಅನುಕೂಲ ಏನೆಂದರೆ ಅದು ವರ್ಷವಿಡೀ ಬರುತ್ತದೆ. ಒಂದೂವರೆ ಎರಡು ತಿಂಗಳಿಗೊಮ್ಮೆ ಮರ ಹತ್ತುವವರನ್ನು ಕರೆಸಿದರೆ ಆಯಿತು. ಊರಿನಲ್ಲಿ ಅವರು ಸಿಗುವುದೇ ಈಗ ದೊಡ್ಡ ಕೆಲಸ. ಒಂದೇ ಮರಕ್ಕೆ ಬರಬೇಕೆಂದರೆ ಕೂಲಿಯ ಜೊತೆ ಎರಡು ಕಾಯಿಯನ್ನೂ ಕೊಟ್ಟು ಕಳಿಸಬೇಕಾಗುತ್ತದೆ.

ಮಾವಿನ ಲೆಕ್ಕ ಬೇರೆ. ಕಸಿ ಗಿಡ ನಾಲ್ಕನೇ ವರ್ಷಕ್ಕೆ ರುಚಿ ನೋಡುವಷ್ಟು ಹಣ್ಣು ಕೊಡುತ್ತದೆ. ಏಳೆಂಟನೇ ವರ್ಷದ ಹೊತ್ತಿಗೆ 12 ಅಡಿಗೆ ಸವರಿಟ್ಟ ಗಿಡದಿಂದ ಒಳ್ಳೆಯ ವರ್ಷದಲ್ಲಿ 20ರಿಂದ 35 ಕೆಜಿ ನಿರೀಕ್ಷಿಸಬಹುದು. ಮಲ್ಲಿಕಾ ಆದರೆ ಕೆಜಿಗೆ ಮೂರು ನಾಲ್ಕು ಹಣ್ಣು. ಆದರೆ ಇದೆಲ್ಲ ಬರುವುದು ಎರಡು ಮೂರು ವಾರದಲ್ಲಿ. ಆಮೇಲೆ ಹನ್ನೊಂದು ತಿಂಗಳು ಏನೂ ಇಲ್ಲ.

ತಳಿಯ ಮೇಲೆ ಇನ್ನೊಂದು ತೊಡಕಿದೆ. ಬಾದಾಮಿ ಎಲ್ಲರಿಗೂ ಇಷ್ಟ, ಆದರೆ ಅದು ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯುವ ತಳಿ. ಒಂದೇ ಮರ ಇರುವ ಮನೆಗೆ ಅಂದರೆ ಎರಡು ವರ್ಷಕ್ಕೊಮ್ಮೆ ಹಣ್ಣು! ಮಲಗೋವಾ ಮರ ದೊಡ್ಡದಾಗುತ್ತದೆ, ಕಾಯಿ ಕಡಿಮೆ. ಪುಟ್ಟ ಹಿತ್ತಲಿಗೆ ನಾನು ಹೇಳುವುದು ಎರಡೇ: ಆಮ್ರಪಾಲಿ ಅಥವಾ ಮಲ್ಲಿಕಾ. ಎರಡೂ ದಶೇರಿ ಮತ್ತು ನೀಲಂ ಕೂಡಿಸಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಬೆಳೆಸಿದ ತಳಿಗಳು. ಆಮ್ರಪಾಲಿ ಹುಟ್ಟಿನಿಂದಲೇ ಕುಳ್ಳು, ಹೆಚ್ಚುಕಡಿಮೆ ಪ್ರತಿವರ್ಷ ಕಾಯುತ್ತದೆ, ಹಣ್ಣು ಮಾತ್ರ ಚಿಕ್ಕದು. ಉಪ್ಪು ಖಾರ ಹಚ್ಚಿಕೊಂಡು ತಿನ್ನುವ ಕಾಯಿ ಬೇಕೆಂದರೆ ತೋತಾಪುರಿ. ಅದೂ ವರ್ಷ ತಪ್ಪಿಸುವುದು ಕಡಿಮೆ.

ಒಂದು ಹಿತ್ತಲನ್ನು ಅಳೆದು ನೋಡೋಣ

ಮೈಸೂರಿನ ಒಂದು 40×60 ಸೈಟು ಅಂದುಕೊಳ್ಳಿ. ಮನೆ ಎರಡಂತಸ್ತು. ಹಿಂದೆ ಉಳಿದದ್ದು 40 ಅಡಿ ಅಗಲ, 16 ಅಡಿ ಆಳದ ಪಟ್ಟಿ. ಎಡಮೂಲೆಯಲ್ಲಿ ಸಂಪು. ಹಿಂದಿನ ಕಾಂಪೌಂಡ್ ಆಚೆ ಇನ್ನೊಂದು ಮನೆ. ಮೇಲೆ ಕರೆಂಟ್ ತಂತಿ ಇಲ್ಲ.

ತೆಂಗನ್ನು ನಟ್ಟನಡುವೆ ಇಟ್ಟರೂ ಮನೆ ಗೋಡೆಗೆ 8 ಅಡಿ, ಕಾಂಪೌಂಡಿಗೆ 8 ಅಡಿ. ಗರಿ ಚಾಚುವುದು 12-13 ಅಡಿ. ಅಂದರೆ ಎರಡೂ ಕಡೆ ನಾಲ್ಕೈದು ಅಡಿ ಹೊರಗೆ. ಸುಮಾರು ಹತ್ತನೇ ವರ್ಷದಿಂದ ಇಪ್ಪತ್ತನೇ ವರ್ಷದವರೆಗೆ ತಲೆಯ ಭಾಗ ಮೊದಲನೇ ಮಹಡಿಯ ಕಿಟಕಿ ಮಟ್ಟದಲ್ಲಿರುತ್ತದೆ. ಗಾಳಿ ಬಂದಾಗ ಗರಿಗಳು ಗೋಡೆಗೆ ಉಜ್ಜುತ್ತವೆ. ಅದು ದಾಟಿ ಮೇಲೆ ಹೋದರೆ ಒಣಗರಿ ಬೀಳುವುದು ನಿಮ್ಮ ಸೋಲಾರ್ ಮೇಲೆ, ಅವರ ಶೀಟಿನ ಮೇಲೆ. ಕಾಯಿ ಬೀಳುವುದು ಬುಡದ ಹತ್ತಿರವೇ, ಅದಕ್ಕೆ ಅಷ್ಟು ಭಯ ಬೇಡ. ಆದರೆ ಎರಡಂತಸ್ತಿನ ಗೋಡೆ ಒಂದು ಕಡೆ ಬಿಸಿಲು ತಡೆಯುವುದರಿಂದ ಮರ ಬೆಳಕಿರುವ ಕಡೆಗೆ, ಅಂದರೆ ಕಾಂಪೌಂಡಿನ ಆಚೆಗೆ ವಾಲುತ್ತದೆ. ಆಗ ಕಾಯಿ ಬೀಳುವುದೂ ಆಚೆಗೇ.

ಅದೇ ಜಾಗದಲ್ಲಿ ಮಾವು ಇಟ್ಟರೆ ಹರವು ಸುತ್ತಲೂ 6 ಅಡಿ. ಎರಡೂ ಕಡೆ 2 ಅಡಿ ಓಡಾಡಲು ಜಾಗ ಉಳಿಯುತ್ತದೆ. ಎತ್ತರ 10-12 ಅಡಿಗೆ ನಿಲ್ಲಿಸಿದರೆ ಕಾಯಿ ಕೀಳಲು ದೋಟಿಯೂ ಬೇಡ, ಒಂದು ಸ್ಟೂಲ್ ಸಾಕು. ಈ ಹಿತ್ತಲಿಗೆ ಉತ್ತರ ಮಾವು. ಸಂಪಿನಿಂದ ಕನಿಷ್ಠ 10 ಅಡಿ ದೂರದಲ್ಲಿ, ಬಲಗಡೆಗೆ. ಮಾವಿನ ಬೇರು ವರ್ಷ ಕಳೆದಂತೆ ದಪ್ಪಗಾಗಿ ಗೋಡೆ ಎತ್ತಬಲ್ಲದು. ತೆಂಗಿನ ಬೇರು ದಪ್ಪಗಾಗಲ್ಲ, ಆದರೆ ಸಂಪಿನಲ್ಲಿ ಬಿರುಕಿದ್ದರೆ ನುಸುಳುತ್ತದೆ.

ಈಗ ಲೆಕ್ಕ ಬದಲಿಸೋಣ. ಅದೇ ಮನೆ ಮಂಡ್ಯದ ಪಕ್ಕದ ಹಳ್ಳಿಯಲ್ಲಿದೆ, ಹಿತ್ತಲು 28 ಅಡಿ ಆಳ, ಮನೆ ಒಂದೇ ಅಂತಸ್ತು, ಬಚ್ಚಲ ನೀರು ಹಿಂದಕ್ಕೆ ಹರಿಯುತ್ತದೆ. ಆಗ ತೆಂಗೇ ಸರಿ. ಆಕಾಶ ತೆರೆದಿದೆ, ನೀರು ದಿನವೂ ಇದೆ. ಬಚ್ಚಲ ನೀರಿನ ಸೋಪಿನ ಉಪ್ಪನ್ನು ತೆಂಗು ಸಹಿಸುತ್ತದೆ. ಮಾವು ಸಹಿಸಲ್ಲ. ಎಲೆಯ ತುದಿ, ಅಂಚು ಸುಟ್ಟ ಹಾಗೆ ಕಂದು ಆದರೆ ಆ ನೀರು ಅದಕ್ಕೆ ಒಗ್ಗುತ್ತಿಲ್ಲ ಎಂದರ್ಥ.

ಒಟ್ಟಿನಲ್ಲಿ ಹಿತ್ತಲಿನ ಕಿರಿದಾದ ಬದಿ 24-25 ಅಡಿಗಿಂತ ಕಡಿಮೆ ಇದ್ದರೆ ಮಾವು. ಅದಕ್ಕಿಂತ ಜಾಸ್ತಿ ಇದ್ದು, ಬೇಸಿಗೆಯಲ್ಲೂ ನೀರಿದ್ದು, ತಂತಿ ಹಾದುಹೋಗದಿದ್ದರೆ ತೆಂಗು. ಎರಡಕ್ಕೂ ಬಿಸಿಲು ಬೇಕು. ನೆಡುವ ಮೊದಲು ಒಂದು ರಜೆ ದಿನ ಆ ಜಾಗದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಎಷ್ಟು ಹೊತ್ತು ನೇರ ಬಿಸಿಲು ಬೀಳುತ್ತದೆ ನೋಡಿ. ಆರು ಗಂಟೆಗಿಂತ ಕಡಿಮೆ ಇದ್ದರೆ ಎರಡನ್ನೂ ಬಿಡಿ. ನಿಂಬೆಯೋ ಕರಿಬೇವೋ ಹಾಕಿಕೊಳ್ಳಿ.

ಮಾವು ನೆಡುವುದು

ಸಸಿ ಕೊಳ್ಳುವಾಗ ಕಸಿ ಗಂಟನ್ನೇ ಮೊದಲು ನೋಡಿ. ಅದು ಬುಡದಿಂದ ಆರರಿಂದ ಒಂಬತ್ತು ಇಂಚು ಮೇಲಿರುತ್ತದೆ. ಗಂಟಿನ ಮೇಲೂ ಕೆಳಗೂ ಕಾಂಡ ಒಂದೇ ದಪ್ಪ ಇರಬೇಕು, ಬಿರುಕು ಇರಬಾರದು. ಗಂಟಿನ ಮೇಲೆ ಕನಿಷ್ಠ ಎರಡು ಸಲ ಚಿಗುರೊಡೆದ ಗುರುತು ಇರಲಿ. ಎರಡು ಮೂರು ಅಡಿಯ, ಒಂದು ವರ್ಷದ ಗಿಡ ಸಾಕು. ಎತ್ತರದ ಗಿಡಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಅದರ ಬೇರು ಚೀಲದೊಳಗೆ ಸುತ್ತಿಕೊಂಡಿರುತ್ತದೆ. ಯಾರೋ ಕೊಟ್ಟ ರುಚಿಯಾದ ಹಣ್ಣಿನ ಓಟೆ ಹಾಕಿ ಗಿಡ ಮಾಡುವುದು ಪುಟ್ಟ ಹಿತ್ತಲಿಗೆ ಬೇಡ. ಅದು ಎಂಟು ಹತ್ತು ವರ್ಷ ಕಾಯಿಸಿ, 40 ಅಡಿ ಬೆಳೆದು, ಕೊನೆಗೆ ಬೇರೆಯೇ ರುಚಿಯ ಹಣ್ಣು ಕೊಡಬಹುದು. ಬೆಂಗಳೂರಿನವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಉಳಿದವರಿಗೆ ತೋಟಗಾರಿಕೆ ಇಲಾಖೆಯ ನರ್ಸರಿಗಳು. ತಳಿಯ ಹೆಸರಿನ ಮೇಲೆ ಅಲ್ಲಿ ನಂಬಿಕೆ ಇಡಬಹುದು.

1. ಏಪ್ರಿಲ್ ಕೊನೆಗೆ 3 ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿಸಿ. ಮೇಲಿನ ಒಂದಡಿ ಮಣ್ಣನ್ನು ಬೇರೆ ರಾಶಿ ಹಾಕಿ. ಮನೆ ಕಟ್ಟಿದ ಜಾಗದಲ್ಲಿ ಸಿಮೆಂಟು ಚೂರು, ಇಟ್ಟಿಗೆ ಸಿಕ್ಕೇ ಸಿಗುತ್ತವೆ. ಎಲ್ಲ ಆಯ್ದು ಹೊರಗೆ ಹಾಕಿ. ಗುಂಡಿ ಎರಡು ಮೂರು ವಾರ ಬಿಸಿಲಿಗೆ ಒಣಗಲಿ.

2. ಗುಂಡಿಗೆ ಎರಡು ಬಕೆಟ್ ನೀರು ಸುರಿಯಿರಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಮಾವು ಬರಲ್ಲ. ತಳವನ್ನು ಇನ್ನೂ ಒಂದಡಿ ಅಗೆದು ಗಟ್ಟಿ ಪದರ ಒಡೆಯಿರಿ, ಇಲ್ಲವೇ ಜಾಗ ಬದಲಿಸಿ.

3. ಮೇಲ್ಮಣ್ಣಿಗೆ 20-25 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಕೆಜಿ ಬೇವಿನ ಹಿಂಡಿ ಬೆರೆಸಿ ತುಂಬಿ. ಗೊಬ್ಬರ ಅರೆಕಳಿತದ್ದಾದರೆ ಗೆದ್ದಲು ಗ್ಯಾರಂಟಿ. ತುಂಬಿದ ಮಣ್ಣು ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರ ಇರಲಿ, ಮಳೆಗೆ ಅದು ಕುಸಿಯುತ್ತದೆ.

4. ಒಂದೆರಡು ಒಳ್ಳೆ ಮಳೆ ಆದ ಮೇಲೆ, ಜೂನ್ ಅಥವಾ ಜುಲೈನಲ್ಲಿ ಸಂಜೆ ನೆಡಿ. ಚೀಲವನ್ನು ಬ್ಲೇಡಿನಿಂದ ಸೀಳಿ, ಮಣ್ಣಿನ ಉಂಡೆ ಒಡೆಯದಂತೆ ಇಳಿಸಿ. ಉಂಡೆಯ ಮೇಲ್ಭಾಗ ಸುತ್ತಲಿನ ಮಣ್ಣಿನ ಮಟ್ಟಕ್ಕೆ ಸಮ ಇರಬೇಕು. ಕಸಿ ಗಂಟು ಯಾವ ಕಾರಣಕ್ಕೂ ಮಣ್ಣಿನೊಳಗೆ ಹೋಗಬಾರದು. ಗಂಟಿಗೆ ಪ್ಲಾಸ್ಟಿಕ್ ಪಟ್ಟಿ ಉಳಿದಿದ್ದರೆ ಈಗಲೇ ಬಿಚ್ಚಿ.

5. ಗಾಳಿ ಬರುವ ಕಡೆಗೆ ಒಂದು ಕೋಲು ನೆಟ್ಟು ಸಡಿಲವಾಗಿ ಕಟ್ಟಿ. ಗಂಟಿನ ಕೆಳಗಿನಿಂದ ಚಿಗುರು ಬಂದರೆ ಬೆರಳಿನಲ್ಲೇ ಮುರಿದು ಹಾಕಿ. ಅದು ಕಾಡು ಬುಡದ ಚಿಗುರು. ಬಿಟ್ಟರೆ ಕಸಿಯನ್ನೇ ಮೀರಿ ಬೆಳೆಯುತ್ತದೆ.

ನೆಟ್ಟಿದ್ದು ಅರ್ಧ ಕೆಲಸ. ಮಾವನ್ನು ಕುಳ್ಳಾಗಿ ಇಡುವುದು ಕತ್ತರಿಯ ಕೆಲಸ, ಅದನ್ನು ಮೊದಲ ವರ್ಷವೇ ಶುರು ಮಾಡಬೇಕು. ಗಿಡ ಬೇರೂರಿ ಹೊಸ ಚಿಗುರು ಬಲಿತ ಮೇಲೆ ಕಾಂಡವನ್ನು ನೆಲದಿಂದ ಎರಡು, ಎರಡೂಕಾಲು ಅಡಿ ಎತ್ತರಕ್ಕೆ ಕತ್ತರಿಸಿ. ಕೈ ನಡುಗುತ್ತದೆ, ಆದರೂ ಕತ್ತರಿಸಿ. ಆ ಜಾಗದ ಕೆಳಗೆ ನಾಲ್ಕೈದು ಚಿಗುರು ಒಡೆಯುತ್ತವೆ. ಬೇರೆ ಬೇರೆ ದಿಕ್ಕಿಗೆ ಹೋಗುವ ಮೂರನ್ನೋ ನಾಲ್ಕನ್ನೋ ಉಳಿಸಿ, ಮಿಕ್ಕದ್ದು ತೆಗೆಯಿರಿ. ಉಳಿಸಿದ ಕೊಂಬೆ ಒಂದೊಂದೂ ಒಂದೂವರೆ ಎರಡು ಅಡಿ ಬೆಳೆದಾಗ ಅದರ ತುದಿಯನ್ನೂ ಕತ್ತರಿಸಿ. ಅಲ್ಲಿಂದ ಮತ್ತೆ ಎರಡು ಮೂರು ಟಿಸಿಲು. ಮೂರು ವರ್ಷದಲ್ಲಿ ಗಿಡ ಬಟ್ಟಲಿನ ಆಕಾರಕ್ಕೆ ಬಂದು, ಒಳಗೆಲ್ಲ ಬಿಸಿಲು ಬೀಳುತ್ತದೆ.

ಮೊದಲ ಮೂರು ವರ್ಷ ಹೂ ಬಂದರೆ ಕಿತ್ತುಬಿಡಿ. ಮಕ್ಕಳು ಬೇಜಾರು ಮಾಡಿಕೊಳ್ಳುತ್ತಾರೆ, ಒಂದೆರಡು ಕಾಯಿ ಬಿಟ್ಟರೆ ಪರವಾಗಿಲ್ಲ.

ಗೊಬ್ಬರ ಮೊದಲ ವರ್ಷಕ್ಕೆ ಯೂರಿಯಾ 150 ಗ್ರಾಂ, ಸೂಪರ್ ಫಾಸ್ಫೇಟ್ 110 ಗ್ರಾಂ, ಪೊಟ್ಯಾಷ್ 110 ಗ್ರಾಂ, ಎರಡು ಕಂತಿನಲ್ಲಿ. ಎರಡನೇ ವರ್ಷ ಇದರ ಎರಡರಷ್ಟು, ಮೂರನೇ ವರ್ಷ ಮೂರರಷ್ಟು. ತೋಟದವರು ಹತ್ತು ವರ್ಷದವರೆಗೆ ಹೀಗೇ ಏರಿಸುತ್ತಾರೆ. ಗಿಡ ಕುಳ್ಳಾಗಿ ಇಡುವವರು ನಾಲ್ಕು ಐದನೇ ವರ್ಷದ ಪ್ರಮಾಣಕ್ಕೇ ನಿಲ್ಲಿಸುವುದು ಒಳ್ಳೆಯದು. ಯೂರಿಯಾ ಜಾಸ್ತಿ ಆದರೆ ಎಲೆ ಬರುತ್ತದೆ, ಹೂ ಬರಲ್ಲ.

ಮಾವು ಹೂ ಬಿಡದಿದ್ದರೆ

ಹಿತ್ತಲ ಮಾವಿನ ಬಗ್ಗೆ ಜನ ಹೆಚ್ಚು ದೂರುವುದು ಇದನ್ನೇ. ಕಾರಣ ಹೆಚ್ಚಾಗಿ ಎರಡರಲ್ಲಿ ಒಂದು.

ಒಂದು, ಸವರುವ ಸಮಯ ತಪ್ಪಿರುತ್ತದೆ. ಮಾವು ಹೂ ಬಿಡುವುದು ಬಲಿತ ಟಿಸಿಲಿನ ತುದಿಯಲ್ಲಿ. ಡಿಸೆಂಬರ್-ಜನವರಿಯಲ್ಲಿ ಹೂ ಬರಬೇಕಾದರೆ ಆ ಟಿಸಿಲು ಜುಲೈ, ಆಗಸ್ಟ್‌ನಲ್ಲೇ ಹುಟ್ಟಿ ಗಟ್ಟಿಯಾಗಿರಬೇಕು. ಹಣ್ಣು ಕಿತ್ತ ಎರಡು ವಾರದೊಳಗೆ, ಅಂದರೆ ಜೂನ್ ಕೊನೆ ಅಥವಾ ಜುಲೈನಲ್ಲಿ ಸವರಿದರೆ ಸರಿಹೋಗುತ್ತದೆ. ದಸರಾ ಹೊತ್ತಿಗೆ ಮನೆ ಸ್ವಚ್ಛ ಮಾಡುವಾಗ ಗಿಡವನ್ನೂ ಸವರಿಸುವ ಮನೆಗಳಿವೆ. ಅವರ ಗಿಡದಲ್ಲಿ ಡಿಸೆಂಬರಿನಲ್ಲಿ ಕೆಂಪು ಚಿಗುರು ಬರುತ್ತದೆ, ಹೂ ಬರಲ್ಲ.

ಎರಡನೆಯದು ನೀರು. ಫಸಲಿಗೆ ಬಂದ ಮಾವಿಗೆ ಹೂ ಬರುವ ಮುಂಚೆ ಎರಡು ತಿಂಗಳು ಒಣಗಾಲ ಬೇಕು. ಹಿಂಗಾರು ನಿಂತ ಮೇಲೆ, ನವೆಂಬರಿನಿಂದ ನೀರು ನಿಲ್ಲಿಸಿ. ಹೂ ಕಚ್ಚಿ ಕಾಯಿ ಬಟಾಣಿ ಕಾಳಿನಷ್ಟಾದ ಮೇಲೆ ಮತ್ತೆ ಶುರು ಮಾಡಿ, ಎಂಟು ಹತ್ತು ದಿನಕ್ಕೊಮ್ಮೆ. ಪಕ್ಕದಲ್ಲೇ ಹೂವಿನ ಕುಂಡಗಳಿಗೆ ದಿನವೂ ಪೈಪ್ ಹಿಡಿಯುತ್ತಿದ್ದರೆ ಮಾವಿಗೂ ಅದು ಸಿಗುತ್ತಿರುತ್ತದೆ.

ಹೂ ಬಂದು ಉದುರಿದರೆ ಹೂಗೊಂಚಲನ್ನು ಹತ್ತಿರದಿಂದ ನೋಡಿ. ಎಲೆ ಮೇಲೆ ಜೇನಿನಂಥ ಅಂಟು, ಕೊಂಬೆ ಅಲ್ಲಾಡಿಸಿದರೆ ಟಪಟಪ ಹಾರುವ ಬೂದು ಬಣ್ಣದ ಸಣ್ಣ ಹುಳು ಇದ್ದರೆ ಅದು ಜಿಗಿಹುಳು. ಬಿಳಿ ಪುಡಿ ಎರಚಿದ ಹಾಗಿದ್ದರೆ ಬೂದಿರೋಗ. ಪುಡಿ ಕಂಡ ಕೂಡಲೇ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2-3 ಗ್ರಾಂ ಹಾಕಿ ಸಿಂಪಡಿಸಿದರೆ ನಿಲ್ಲುತ್ತದೆ. ಜಿಗಿಹುಳುವಿಗೆ ಹೂ ಅರಳುವ ಮುಂಚೆಯೇ ಬೇವಿನೆಣ್ಣೆ ಹೊಡೆಯಬೇಕು. ಪೂರ್ತಿ ಅರಳಿದಾಗ ಏನೂ ಹೊಡೆಯಬೇಡಿ, ಪರಾಗ ಹೊರುವ ನೊಣಗಳೂ ಸಾಯುತ್ತವೆ. ಗಿಡ 12 ಅಡಿಯೊಳಗಿದ್ದರೆ ಈ ಕೆಲಸ ಕೈಪಂಪಿನಲ್ಲೇ ಆಗುತ್ತದೆ. 30 ಅಡಿ ಮರದಲ್ಲಿ ಆಗುತ್ತದಾ?

ತೆಂಗು ನೆಡುವುದು

ಇಲ್ಲಿ ಸಸಿಯ ವಯಸ್ಸು ಒಂಬತ್ತರಿಂದ ಹನ್ನೆರಡು ತಿಂಗಳು ಇರಬೇಕು. ಆರು ಗರಿ ಇರಲಿ, ಬುಡದ ಸುತ್ತಳತೆ 10 ಸೆಂಟಿಮೀಟರ್ ಇರಲಿ. ಎತ್ತರ ನೋಡಿ ಮೋಸ ಹೋಗಬೇಡಿ. ಉದ್ದಕ್ಕೆ ಸಣಕಲಾಗಿ ಬೆಳೆದದ್ದು ನರ್ಸರಿಯ ನೆರಳಿನಲ್ಲಿ ಒತ್ತಾಗಿ ಇದ್ದ ಸಸಿ. ಗರಿ ಬೇಗ ಸೀಳಿಕೊಂಡಿರುವುದು ಒಳ್ಳೆಯ ಗುರುತು.

ಗುಂಡಿ ಅಳತೆ ಮಾವಿನದೇ, 3 ಅಡಿ. ನೆಡುವ ರೀತಿ ಮಾತ್ರ ಪೂರ್ತಿ ಉಲ್ಟಾ. ಮಾವನ್ನು ಮೇಲೆ ಇಡಬೇಕು, ತೆಂಗನ್ನು ಆಳಕ್ಕೆ ಇಳಿಸಬೇಕು. ತೆಂಗಿನ ಬೇರು ಹೊರಡುವುದು ಕಾಂಡದ ಬುಡದ ಸುತ್ತಿನಿಂದ. ಅದು ಮಣ್ಣಿನೊಳಗೆ ಇದ್ದಷ್ಟೂ ಬೇರು ಜಾಸ್ತಿ, ಮರ ಗಾಳಿಗೆ ಗಟ್ಟಿ. ನೆಲಮಟ್ಟದಲ್ಲಿ ನೆಟ್ಟ ತೆಂಗಿನ ಬುಡದಲ್ಲಿ ಆಮೇಲೆ ಬೇರುಗಳು ಮಣ್ಣಿನಿಂದ ಹೊರಗೆ ಕಾಣುತ್ತವೆ, ಎಷ್ಟೋ ಮನೆಗಳಲ್ಲಿ ನೋಡಿರುತ್ತೀರಿ.

1. ಗುಂಡಿಯ ತಳದಲ್ಲಿ ತೆಂಗಿನ ಸಿಪ್ಪೆಯನ್ನು ಎರಡು ಸಾಲು ಜೋಡಿಸಿ, ಒಳಗಿನ ಗುಳಿ ಭಾಗ ಮೇಲೆ ಬರುವಂತೆ. ನೀರು ಹಿಡಿದಿಡುತ್ತದೆ. ನೀರು ನಿಲ್ಲುವ ಎರೆಮಣ್ಣಾದರೆ ಸಿಪ್ಪೆ ಬದಲು ಒಂದು ಪದರ ಮರಳು ಹಾಕಿ.

2. ಮೇಲ್ಮಣ್ಣು, ಗೊಬ್ಬರ ಬೆರೆಸಿ ಗುಂಡಿಯ ಕೆಳಗಿನ ಒಂದಡಿ ಮಾತ್ರ ತುಂಬಿ. ಮೇಲೆ ಎರಡಡಿ ಖಾಲಿ ಇರಲಿ.

3. ನಡುವೆ ಚಿಕ್ಕ ಕುಳಿ ಮಾಡಿ ಸಸಿ ಇಡಿ. ಕಾಯಿ ಮುಚ್ಚುವಷ್ಟೇ ಮಣ್ಣು ಹಾಕಿ ತುಳಿಯಿರಿ. ಗರಿ ಹೊರಡುವ ಕತ್ತಿನ ಮೇಲೆ ಮಣ್ಣು ಬೀಳಬಾರದು.

4. ಗುಂಡಿಯ ಅಂಚಿಗೆ ಸುತ್ತಲೂ ಸಣ್ಣ ಬದು ಕಟ್ಟಿ. ಜೋರು ಮಳೆಗೆ ಕೆಸರು ಒಳಗೆ ಹರಿದು ಕತ್ತು ಮುಚ್ಚಿಕೊಂಡರೆ ಸಸಿ ಕೊಳೆಯುತ್ತದೆ. ಪ್ರತಿ ದೊಡ್ಡ ಮಳೆಯ ಮರುದಿನ ಕೈಹಾಕಿ ಮಣ್ಣು ಸರಿಸಿ.

5. ಸಸಿ ಬೆಳೆದಂತೆ ಪ್ರತಿವರ್ಷ ಸ್ವಲ್ಪ ಸ್ವಲ್ಪ ಮಣ್ಣು, ಗೊಬ್ಬರ ತುಂಬುತ್ತಾ ಬನ್ನಿ. ಮೂರು ನಾಲ್ಕು ವರ್ಷಕ್ಕೆ ಗುಂಡಿ ನೆಲಮಟ್ಟಕ್ಕೆ ಬರುತ್ತದೆ. ಮೊದಲ ಬೇಸಿಗೆಯಲ್ಲಿ ಪಶ್ಚಿಮದ ಕಡೆ ಒಂದು ತೆಂಗಿನ ಗರಿ ಚುಚ್ಚಿ ನೆರಳು ಕೊಡಿ.

ದೊಡ್ಡ ಮರಕ್ಕೆ ವರ್ಷಕ್ಕೆ 25ರಿಂದ 50 ಕೆಜಿ ಕೊಟ್ಟಿಗೆ ಗೊಬ್ಬರದ ಜೊತೆ ಸುಮಾರು ಒಂದು ಕೆಜಿ ಯೂರಿಯಾ, ಎರಡು ಕೆಜಿ ಸೂಪರ್ ಫಾಸ್ಫೇಟ್, ಎರಡು ಕೆಜಿ ಪೊಟ್ಯಾಷ್ ಬೇಕು. ಜೂನ್ ಮತ್ತು ಸೆಪ್ಟೆಂಬರಿನಲ್ಲಿ ಹಂಚಿ ಕೊಡಿ. ಮೊದಲ ವರ್ಷ ಇದರ ಹತ್ತನೇ ಒಂದು ಭಾಗ, ಎರಡನೇ ವರ್ಷ ಮೂರನೇ ಒಂದು, ಮೂರನೇ ವರ್ಷ ಮೂರನೇ ಎರಡು, ನಾಲ್ಕರಿಂದ ಪೂರ್ತಿ. ತೆಂಗು ಪೊಟ್ಯಾಷ್ ತಿನ್ನುವ ಮರ. ಯೂರಿಯಾ ಮಾತ್ರ ಹಾಕಿ ಪೊಟ್ಯಾಷ್ ಬಿಟ್ಟರೆ ಗರಿ ಹಸಿರಾಗಿರುತ್ತದೆ, ಹರಳು, ಅಂದರೆ ಆಗತಾನೇ ಕಚ್ಚಿದ ಎಳೆಗಾಯಿ, ಉದುರುತ್ತದೆ.

ನೀರಿನಲ್ಲಿ ರಿಯಾಯಿತಿ ಇಲ್ಲ. ಬೇಸಿಗೆಯಲ್ಲಿ ದೊಡ್ಡ ಮರಕ್ಕೆ ದಿನಕ್ಕೆ 40 ಲೀಟರ್, ಇಲ್ಲವೇ ನಾಲ್ಕು ದಿನಕ್ಕೊಮ್ಮೆ ಪಾತಿ ತುಂಬ 200 ಲೀಟರ್. ಹೊಂಬಾಳೆ ಮರದೊಳಗೆ ಮೊಳೆಯುವುದಕ್ಕೂ ಕಾಯಿ ಕೈಗೆ ಬರುವುದಕ್ಕೂ ನಡುವೆ ಎರಡು ವರ್ಷಕ್ಕಿಂತ ಜಾಸ್ತಿ ಬೇಕು. ಈ ಬೇಸಿಗೆ ಒಣಗಿಸಿದರೆ ಅದರ ಪೆಟ್ಟು ಮುಂದಿನ ವರ್ಷವೂ ಅದರಾಚೆಗೂ ಕಾಣುತ್ತದೆ. ಆಗ ಜನ ಗೊಬ್ಬರವನ್ನು ಬೈಯುತ್ತಾರೆ.

ಎಳೆ ತೆಂಗನ್ನು ಕೊಲ್ಲುವುದು ಮುಖ್ಯವಾಗಿ ಒಂದು ದುಂಬಿ. ಕಪ್ಪಗೆ, ಹೆಬ್ಬೆರಳು ಗಾತ್ರ, ಮೂತಿಯ ಮೇಲೆ ಒಂದು ಕೊಂಬು. ಕರಾವಳಿಯಲ್ಲಿ ಕುರುವಾಯಿ ಅನ್ನುತ್ತಾರೆ. ಅದು ಸುಳಿಯೊಳಗೆ ಕೊರೆಯುತ್ತದೆ. ಆಗ ಒಳಗೆ ಮಡಿಚಿಕೊಂಡಿದ್ದ ಗರಿ ಆಮೇಲೆ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಮೂಲೆಮೂಲೆಯಾಗಿ ಕತ್ತರಿಸಿದ ಹಾಗೆ ಕಾಣುತ್ತದೆ. ಆ ಗುರುತು ಕಂಡರೆ ಸುಳಿಯ ಬುಡ ನೋಡಿ. ಅಗಿದು ಉಗುಳಿದ ನಾರು ರಂಧ್ರದ ಬಾಯಲ್ಲಿ ತುರುಕಿಕೊಂಡಿದ್ದು ಇನ್ನೂ ಹಸಿಯಾಗಿದ್ದರೆ ದುಂಬಿ ಒಳಗೇ ಇದೆ. ತುದಿ ಬಗ್ಗಿಸಿದ ಸೈಕಲ್ ಕಡ್ಡಿಯಿಂದ ಎಳೆದು ತೆಗೆಯಬಹುದು. ತಡೆಯುವುದಕ್ಕೆ ಮೇಲಿನ ಮೂರು ಗರಿಗಳ ಕಂಕುಳಿಗೆ ನುಸಿಗುಳಿಗೆ ಮೂರು ನಾಲ್ಕು ಹಾಕಿ ಮರಳು ಮುಚ್ಚಿ. ಒಂದೂವರೆ ತಿಂಗಳಿಗೊಮ್ಮೆ ಹೊಸದು ಹಾಕಿ. ಬೇವಿನ ಹಿಂಡಿ, ಮರಳು ಸಮವಾಗಿ ಬೆರೆಸಿ ಹಾಕಿದರೂ ಆಗುತ್ತದೆ. ಈ ದುಂಬಿ ಮೊಟ್ಟೆ ಇಡುವುದು ಗೊಬ್ಬರದ ಗುಂಡಿಯಲ್ಲಿ, ಕೊಳೆತ ಮರದ ದಿಮ್ಮಿಯಲ್ಲಿ. ಹಿತ್ತಲಿನಲ್ಲಿ ಕಾಂಪೋಸ್ಟ್ ಗುಂಡಿ ಇಟ್ಟುಕೊಂಡವರು ಎರಡು ತಿಂಗಳಿಗೊಮ್ಮೆ ಅದನ್ನು ತಿರುವಿ ದಪ್ಪನೆಯ ಬಿಳಿ ಹುಳುಗಳನ್ನು ಆರಿಸಿ ತೆಗೆಯಲೇಬೇಕು. ಕೋಳಿ ಸಾಕಿದ್ದರೆ ಆ ಕೆಲಸ ಅವೇ ಮಾಡುತ್ತವೆ.

ದುಂಬಿ ಮಾಡಿದ ಗಾಯದ ವಾಸನೆಗೆ ಕೆಂಪುಮೂತಿ ಹುಳು ಬರುತ್ತದೆ. ಅದು ಕಾಂಡದೊಳಗೆ ಸೇರಿದರೆ ಸುಳಿ ಒಣಗಿ ಬಾಗುವವರೆಗೆ ಗೊತ್ತೇ ಆಗಲ್ಲ, ಆಗ ಉಳಿಸುವುದು ಕಷ್ಟ. ಕಾಂಡಕ್ಕೆ ಮೊಳೆ ಹೊಡೆದು ಬಟ್ಟೆ ಹಗ್ಗ ಕಟ್ಟುವುದನ್ನು ಬಿಡಬೇಕಾದದ್ದೂ ಇದಕ್ಕೇ. ತೆಂಗಿನ ಕಾಂಡದ ಗಾಯ ಮಾಯುವುದಿಲ್ಲ.

ಎರಡೂ ಬೇಕೇ ಬೇಕು ಅಂದರೆ

40 ಅಡಿ ಉದ್ದದ ಹಿತ್ತಲಿದ್ದು ಆಳವೂ 25 ಅಡಿ ಇದ್ದರೆ ಎರಡನ್ನೂ ಇಡಬಹುದು. ಕಾಂಡದಿಂದ ಕಾಂಡಕ್ಕೆ ಕನಿಷ್ಠ 20 ಅಡಿ ಬಿಡಿ. ಮಾವು ದಕ್ಷಿಣದ ಕಡೆ, ತೆಂಗು ಉತ್ತರದ ಕಡೆ. ಚಳಿಗಾಲದಲ್ಲಿ, ಮಾವು ಹೂ ಕಟ್ಟುವ ಹೊತ್ತಿಗೆ, ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ತೆಂಗಿನ ನೆರಳು ಉತ್ತರಕ್ಕೆ ಬೀಳುತ್ತದೆ, ಮಾವಿನ ಮೇಲೆ ಬೀಳಲ್ಲ.

ಡ್ರಿಪ್ ಪೈಪ್ ಮಾತ್ರ ಒಂದೇ ಎಳೆಯಬೇಡಿ. ನವೆಂಬರಿನಿಂದ ಜನವರಿವರೆಗೆ ತೆಂಗಿಗೆ ನೀರು ಬೇಕು, ಮಾವಿಗೆ ಬೇಡ. ಒಂದೇ ನಲ್ಲಿಯಿಂದ ಎರಡು ಲೈನ್ ಮಾಡಿ, ಪ್ರತಿಯೊಂದಕ್ಕೂ ಒಂದು ವಾಲ್ವ್ ಹಾಕಿ. ಮಾವಿನ ವಾಲ್ವನ್ನು ದೀಪಾವಳಿ ಕಳೆದ ಮೇಲೆ ಮುಚ್ಚಿ, ಕಾಯಿ ಬಟಾಣಿಯಷ್ಟು ಕಂಡ ಮೇಲೆ ತೆರೆಯಿರಿ.